ಡಾಪ್ಲರ್ ಸೂತ್ರದಲ್ಲಿ ಕೂಡುವುದೆಲ್ಲಿ, ಕಳೆಯುವುದೆಲ್ಲಿ?

ಧ್ವನಿಯ ಆಕರವೂ ಕೇಳುಗನೂ ಚಲಿಸುತ್ತಿದ್ದರೆ ಪ್ಲಸ್ ಎಲ್ಲಿ, ಮೈನಸ್ ಎಲ್ಲಿ?

ಎರಡು ಚಲನೆಗಳನ್ನೂ ಬೇರೆಬೇರೆಯಾಗಿ ನೋಡಬೇಕು: ಮತ್ತೊಬ್ಬರತ್ತ ಸಾಗುವ ಚಲನೆ ಆವೃತ್ತಿಯನ್ನು ಏರಿಸುವಂತೆ, ದೂರ ಸರಿಯುವ ಚಲನೆ ಇಳಿಸುವಂತೆ ಚಿಹ್ನೆ ಹಾಕಬೇಕು.

f' = f (v ± v_o) / (v ∓ v_s)

ಇಲ್ಲಿ ಮೇಲಿನ ಚಿಹ್ನೆಗಳು ಹತ್ತಿರವಾಗುವುದಕ್ಕೆ. f ಆಕರ ಹೊರಡಿಸುವ ಆವೃತ್ತಿ, f' ಕೇಳುಗನಿಗೆ ಕೇಳಿಸುವ ಆವೃತ್ತಿ; v ಧ್ವನಿಯ ವೇಗ, v_o ಕೇಳುಗನದು, v_s ಆಕರದ್ದು. ಕೇಳುಗನ ಚಲನೆ ಅಲೆಗಳು ಅವನನ್ನು ತಲುಪುವ ದರವನ್ನಷ್ಟೇ ಬದಲಿಸುವುದರಿಂದ ಅದು ಅಂಶದಲ್ಲಿದೆ. ಆಕರದ ಚಲನೆ ತರಂಗಾಂತರವನ್ನೇ ಕುಗ್ಗಿಸುವುದರಿಂದ ಅಥವಾ ಹಿಗ್ಗಿಸುವುದರಿಂದ ಅದು ಛೇದದಲ್ಲಿದೆ.

ಸೆಕೆಂಡಿಗೆ 20 ಮೀಟರ್ ವೇಗದ ಕಾರನ್ನು, 620 ಹರ್ಟ್ಸ್‌ನ ಸೈರನ್ ಮೊಳಗಿಸುತ್ತ 30 ಮೀಟರ್ ವೇಗದ ಆಂಬುಲೆನ್ಸ್ ಹಿಂದಿನಿಂದ ಬೆನ್ನಟ್ಟಿದೆ ಎನ್ನಿ. ಧ್ವನಿಯ ವೇಗ ಸೆಕೆಂಡಿಗೆ 340 ಮೀಟರ್ ಎಂದುಕೊಳ್ಳೋಣ. ಕಾರು ಆಂಬುಲೆನ್ಸಿನಿಂದ ದೂರ ಓಡುತ್ತಿರುವುದರಿಂದ ಅಂಶ 340 − 20. ಆಂಬುಲೆನ್ಸ್ ಕಾರಿನತ್ತಲೇ ಬರುತ್ತಿರುವುದರಿಂದ ಛೇದ 340 − 30. ಉತ್ತರ 620 × 320 / 310, ಅಂದರೆ 640 ಹರ್ಟ್ಸ್. ‘ಅಂತರ ಕಡಿಮೆಯಾಗುತ್ತಿದೆಯಲ್ಲ’ ಎಂದು ಅಂಶದಲ್ಲಿ ಕೂಡಿಬಿಡುವುದೇ ಸಾಮಾನ್ಯ ತಪ್ಪು; ಆಗ 720 ಬರುತ್ತದೆ.