ಹೃದಯದ ಚಿತ್ರದಲ್ಲಿ ಹೆಸರುಗಳೇ ಕಟ್ ಆಗಿವೆ

> ‘ಸಿಂಧನೂರಿನಿಂದ ಕೇಳ್ತಿದೀನಿ. ಮಗಳು ಎಸ್ಸೆಸ್ಸೆಲ್ಸಿ. ಗೆಳತಿ ಕಳಿಸಿದ ಫೋಟೊದಲ್ಲಿ ಹೃದಯದ ಚಿತ್ರದ ಗೆರೆಗಳಿವೆ, ಹೆಸರಿಲ್ಲ. ಕಪ್ಪು-ಬಿಳುಪು ಜೆರಾಕ್ಸ್ ಬೇರೆ. ಮೇಲಿನ ಎರಡು ದಪ್ಪ ನಾಳಗಳಲ್ಲಿ ಯಾವುದು ಯಾವುದು?’

ಮೇಲಿನಿಂದ ನೋಡಬೇಡಿ ಸರ್, ಕೆಳಗಿನಿಂದ ಶುರು ಮಾಡಿ. ಕೆಳಗೆ ಎರಡು ಕೋಣೆಗಳಿವೆ, ಅವು ಹೃತ್ಕುಕ್ಷಿಗಳು. ಯಾವುದರ ಗೋಡೆ ಜಾಸ್ತಿ ದಪ್ಪವೋ ಅದು ಎಡ ಹೃತ್ಕುಕ್ಷಿ. ಇಡೀ ಮೈಗೆ ರಕ್ತ ತಳ್ಳುವುದು ಅದೇ ಅಲ್ವಾ, ಅದಕ್ಕೇ ಆ ದಪ್ಪ. ಚಿತ್ರದಲ್ಲಿರುವ ಹೃದಯ ನಮಗೆ ಎದುರಾಗಿ ನಿಂತವರದ್ದು. ಹಾಗಾಗಿ ಎಡ ಹೃತ್ಕುಕ್ಷಿ ಪುಟದಲ್ಲಿ ನಿಮ್ಮ ಬಲಗಡೆ ಬರಬೇಕು. ಬಂದಿಲ್ಲ ಅಂದರೆ ಫೋಟೊ ಕನ್ನಡಿಯಂತೆ ತಿರುಗಿದೆ, ಬೇರೆ ಕಳಿಸಲು ಹೇಳಿ.

ಈಗ ಆ ದಪ್ಪ ಗೋಡೆಯ ಕೋಣೆಯಿಂದ ಪೆನ್ಸಿಲ್ ಮೇಲಕ್ಕೆ ಎಳೆಯಿರಿ. ಬಾಗಿ ಕಮಾನಾಗಿ, ನೆತ್ತಿಯಲ್ಲಿ ಮೂರು ಸಣ್ಣ ಕವಲು ಬಿಡುವ ನಾಳ ಸಿಗುತ್ತದೆ. ಅದು ಮಹಾಪಧಮನಿ. ಬಲ ಹೃತ್ಕುಕ್ಷಿಯಿಂದ ಎಳೆದರೆ ಮಹಾಪಧಮನಿಯ ಮುಂದೆ ಹಾದು, ಕಮಾನಿನ ಕೆಳಗೆ ಎರಡಾಗಿ ಸೀಳುವ ನಾಳ. ಅದು ಶ್ವಾಸಕೋಶಕ್ಕೆ ಹೋಗುವ ಅಪಧಮನಿ.

ಬಣ್ಣದ ಪುಸ್ತಕ ಸಿಕ್ಕರೂ ಬಣ್ಣ ನಂಬಿ ಹೆಸರು ಬರೆಯಬೇಡಿ. ಅಪಧಮನಿ ಅಂದರೆ ಕೆಂಪು ಅಂತ ಮಕ್ಕಳು ಸುಮ್ನೆ ಬಾಯಿಪಾಠ ಮಾಡಿರುತ್ತಾರೆ. ಆದರೆ ಶ್ವಾಸಕೋಶದ ಅಪಧಮನಿಯಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತ ಹರಿಯುತ್ತದೆ, ಅದಕ್ಕೆ ನೀಲಿ ಹಚ್ಚಿರುತ್ತಾರೆ. ಹೃದಯದಿಂದ ಹೊರಗೆ ಒಯ್ದರೆ ಅಪಧಮನಿ, ಒಳಗೆ ತಂದರೆ ಅಭಿಧಮನಿ, ಅಷ್ಟೇ.

ಇನ್ನೊಂದು, ಗೆರೆಯ ತುದಿ ಎಲ್ಲಿ ಮುಟ್ಟುತ್ತದೆ ನೋಡಿ. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯ ಮೇಲೆ ನಿಂತಿದ್ದರೆ ಅದು ಕೋಣೆಯ ಹೆಸರಲ್ಲ, ಆ ಗೋಡೆಯದ್ದು.