60 ಹರ್ಟ್ಸ್ ಬೇಕಾ, ಎಸ್‌ಎಸ್‌ಡಿ ವೇಗ ಬೇಕಾ? ಒಂದೇ ಯುಎಸ್‌ಬಿ-ಸಿ ಕೇಬಲ್‌ನಲ್ಲಿ ಎರಡೂ ಸಿಗುವುದು ಯಾವಾಗ

ಪ್ರಶ್ನೆ: 4ಕೆ ಮಾನಿಟರ್‌ಗೆ ಲ್ಯಾಪ್‌ಟಾಪನ್ನು ಒಂದೇ ಯುಎಸ್‌ಬಿ-ಸಿ ಕೇಬಲ್‌ನಲ್ಲಿ ಜೋಡಿಸಿದ್ದೇನೆ. 60 ಹರ್ಟ್ಸ್ ಬಂದರೆ ಮಾನಿಟರ್ ಹಿಂದೆ ಚುಚ್ಚಿದ ಎಸ್‌ಎಸ್‌ಡಿ ಆಮೆ ಥರ ಓಡುತ್ತೆ. ಎಸ್‌ಎಸ್‌ಡಿ ಜೋರಾದರೆ ಪರದೆ 30 ಹರ್ಟ್ಸ್‌ಗೆ ಇಳಿಯುತ್ತೆ. ಕೇಬಲ್ ಬದಲಾಯಿಸಿದರೂ ಅದೇ ಕಥೆ. ಎರಡೂ ಒಟ್ಟಿಗೆ ಸಿಗಲ್ವಾ?

ಮೊದಲು ಕೇಬಲ್‌ಗೆ ದುಡ್ಡು ಸುರಿಯೋದು ನಿಲ್ಲಿಸಿ. ನಿಮಗೆ 60 ಹರ್ಟ್ಸ್ ಚಿತ್ರ ಸರಿಯಾಗಿ ಬರುತ್ತಿದೆ ಅಂದರೆ ಕೇಬಲ್‌ನೊಳಗೆ ಇರಬೇಕಾದ ತಂತಿಗಳೆಲ್ಲ ಇವೆ. ತಂಟೆ ಇರುವುದು ಆ ತಂತಿಗಳನ್ನು ಹಂಚಿಕೊಳ್ಳುವುದರಲ್ಲಿ.

ಯುಎಸ್‌ಬಿ-ಸಿ ಪೋರ್ಟ್‌ನಲ್ಲಿ ಜೋರಾಗಿ ಡೇಟಾ ಸಾಗಿಸುವ ಲೇನ್‌ಗಳು ನಾಲ್ಕೇ. ಇದರ ಜೊತೆಗೆ ಹಳೆಯ ಯುಎಸ್‌ಬಿ 2.0ಗೆ ಬೇರೆಯೇ ಒಂದು ಜೋಡಿ ತಂತಿ ಇದೆ. ಕೀಬೋರ್ಡ್, ಮೌಸ್ ಯಾವ ಸೆಟ್ಟಿಂಗ್‌ನಲ್ಲೂ ಕೆಲಸ ಮಾಡುವುದು ಅದರಿಂದಲೇ. ಸಾಮಾನ್ಯ ಯುಎಸ್‌ಬಿ-ಸಿ ಮಾನಿಟರ್ ಈ ನಾಲ್ಕು ಲೇನನ್ನು ಎರಡು ರೀತಿಯಲ್ಲಿ ಬಳಸುತ್ತೆ. ನಾಲ್ಕನ್ನೂ ಚಿತ್ರಕ್ಕೇ ಕೊಟ್ಟರೆ ಎಸ್‌ಎಸ್‌ಡಿಗೆ ಉಳಿಯುವುದು ಯುಎಸ್‌ಬಿ 2.0 ಮಾತ್ರ, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ಫೈಲ್ ಕಾಪಿ ಮಾಡುವಾಗ ಇದು ಸುಮಾರು 40 ಮೆಗಾಬೈಟ್‌ನಷ್ಟು ಕಾಣುತ್ತೆ. 100 ಜಿಬಿ ಫೋಲ್ಡರ್‌ಗೆ ಮುಕ್ಕಾಲು ಗಂಟೆ ಹತ್ತಿರ ಕಾಯಬೇಕು. ಎರಡು ಲೇನ್ ಚಿತ್ರಕ್ಕೆ, ಎರಡು ಡೇಟಾಗೆ ಅಂತ ಹಂಚಿದರೆ ಎಸ್‌ಎಸ್‌ಡಿಗೆ 5 ಅಥವಾ 10 ಗಿಗಾಬಿಟ್ ಸಿಗುತ್ತೆ. ಆದರೆ ಚಿತ್ರದ ದಾರಿ ಅರ್ಧವಾಗುತ್ತೆ.

ಆ ಅರ್ಧ ದಾರಿಯಲ್ಲಿ 4ಕೆ 60 ಹರ್ಟ್ಸ್ ಹಿಡಿಯುತ್ತಾ ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ. ಲೆಕ್ಕ ಹಾಕೋಣ, ಕಷ್ಟವೇನಿಲ್ಲ. 3840 × 2160 ಪಿಕ್ಸೆಲ್, ಮೂರು ಬಣ್ಣಕ್ಕೆ ತಲಾ 8ರಂತೆ ಪ್ರತಿ ಪಿಕ್ಸೆಲ್‌ಗೆ 24 ಬಿಟ್, ಸೆಕೆಂಡಿಗೆ 60 ಸಲ. ಗುಣಿಸಿದರೆ ಸುಮಾರು 11.9 ಗಿಗಾಬಿಟ್. ಸಾಲುಗಳ ನಡುವೆ ಬಿಡುವ ಖಾಲಿ ಸಮಯವನ್ನೂ ಸೇರಿಸಿದರೆ 12.8ರ ಹತ್ತಿರ ಬರುತ್ತೆ. ಇಷ್ಟು ಜಾಗ ಬೇಕು.

ಇರುವ ಜಾಗ ಎಷ್ಟು? ಅದು ಈ ಲೇನ್‌ಗಳಲ್ಲಿ ಚಿತ್ರ ಸಾಗಿಸುವ ಡಿಸ್‌ಪ್ಲೇಪೋರ್ಟ್ ಯಾವ ವೇಗದಲ್ಲಿ ಓಡುತ್ತಿದೆ ಅನ್ನುವುದರ ಮೇಲೆ ಹೋಗುತ್ತೆ. ಎಚ್‌ಬಿಆರ್2 ಅನ್ನುವ ಹಳೆಯ ವೇಗದಲ್ಲಿ ಒಂದು ಲೇನ್‌ಗೆ 5.4 ಗಿಗಾಬಿಟ್. ಅದರಲ್ಲಿ ಐದನೇ ಒಂದು ಭಾಗ ಎನ್‌ಕೋಡಿಂಗ್‌ಗೇ ಹೋಗುತ್ತೆ. ಎರಡು ಲೇನ್ ಸೇರಿ ಕೈಗೆ ಸಿಗುವುದು 8.64. ಇದರಲ್ಲಿ 12.8 ತುರುಕಲು ಆಗಲ್ಲ, ಹಾಗಾಗಿ 30 ಹರ್ಟ್ಸ್‌ಗೆ ಇಳಿಯುತ್ತೆ. ನಿಮಗೆ ಆಗುತ್ತಿರುವುದು ಇದೇ. ಎಚ್‌ಬಿಆರ್3ರಲ್ಲಿ ಒಂದು ಲೇನ್‌ಗೆ 8.1, ಎರಡು ಲೇನ್‌ಗೆ ನಿವ್ವಳ 12.96. ಬೇಕಿರುವುದು 12.8, ಇರುವುದು 12.96. ಕೂದಲೆಳೆಯಲ್ಲಿ ಪಾಸ್!

ಅಂದರೆ ಲ್ಯಾಪ್‌ಟಾಪ್, ಮಾನಿಟರ್ ಎರಡೂ ಎಚ್‌ಬಿಆರ್3ಗೆ ಒಪ್ಪಿದರೆ ಎರಡೂ ಒಟ್ಟಿಗೆ ಸಿಗುತ್ತೆ. ಹೀಗೆ ನೋಡಿ. ಮಾನಿಟರ್‌ನ ಮೆನುವಿನಲ್ಲಿ `USB-C Prioritization` ಥರದ್ದೊಂದು ಆಯ್ಕೆ ಇರುತ್ತೆ. ಕೆಲವು ಕಂಪನಿಗಳು ಬೇರೆ ಹೆಸರಿಟ್ಟಿವೆ. ಅದನ್ನು `High Resolution`ನಿಂದ `High Data Speed`ಗೆ ಬದಲಾಯಿಸಿ. ಅದೇ ಮೆನುವಿನಲ್ಲಿ ಡಿಸ್‌ಪ್ಲೇಪೋರ್ಟ್ ಆವೃತ್ತಿ ಆರಿಸುವ ಸಾಲೂ ಇರಬಹುದು. ಅದು 1.2ರಲ್ಲಿ ಕೂತಿದ್ದರೆ 1.4 ಮಾಡಿ, ಏಕೆಂದರೆ 1.2ರಲ್ಲಿ ಎಚ್‌ಬಿಆರ್3 ಇಲ್ಲವೇ ಇಲ್ಲ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಆಮೇಲೆ ಕೇಬಲ್ ತೆಗೆದು ಮತ್ತೆ ಹಾಕಿ, ವಿಂಡೋಸ್‌ನಲ್ಲಿ `Settings > System > Display > Advanced display` ತೆರೆಯಿರಿ. ರಿಫ್ರೆಶ್ ರೇಟ್ ಪಟ್ಟಿಯಲ್ಲಿ 60 ಕಂಡರೆ ಅರ್ಧ ಕೆಲಸ ಮುಗೀತು.

ಅರ್ಧ ಯಾಕೆ ಅಂದೆ ಅಂದರೆ, 60 ಅಂತ ತೋರಿಸಿಯೂ ಸಿಸ್ಟಮ್ ಬಣ್ಣದಲ್ಲಿ ಕಡಿತ ಮಾಡಿರಬಹುದು. ಅದೇ ಪುಟದಲ್ಲಿ ಬಣ್ಣದ ಫಾರ್ಮ್ಯಾಟ್ ನೋಡಿ. `RGB` ಇದ್ದರೆ ಚೆನ್ನ. 4:2:2 ಅಥವಾ 4:2:0 ಇದ್ದರೆ ಬಣ್ಣದ ಮಾಹಿತಿಯನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತಿವೆ ಅಂತ ಅರ್ಥ. ಸಿನಿಮಾದಲ್ಲಿ ಇದು ಗೊತ್ತಾಗಲ್ಲ. ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಅಕ್ಷರ ಬರೆದು ನೋಡಿ, ಅಂಚುಗಳು ಕದಡಿದಂತೆ ಕಾಣುತ್ತವೆ. ಎಚ್‌ಡಿಆರ್ ಆನ್ ಮಾಡಿದವರಿಗೆ ಇದು ಜಾಸ್ತಿ ಆಗುತ್ತೆ. 10 ಬಿಟ್ ಬಣ್ಣಕ್ಕೆ 4ಕೆ 60ರಲ್ಲಿ ಸುಮಾರು 16 ಗಿಗಾಬಿಟ್ ಬೇಕು, ಎರಡು ಲೇನ್‌ನಲ್ಲಿ ಅಷ್ಟು ಜಾಗ ಇಲ್ಲ. ದಿನವಿಡೀ ಅಕ್ಷರ ನೋಡುವ ಕೆಲಸ ನಿಮ್ಮದಾದರೆ ಎಚ್‌ಡಿಆರ್ ಆಫ್ ಮಾಡಿ, 8 ಬಿಟ್‌ನಲ್ಲೇ ಇರಿ. ನಾನಂತೂ ಹಾಗೇ ಇಟ್ಟಿದ್ದೇನೆ.

ಡೇಟಾ ಕಡೆ ಸರಿಯಾಯಿತಾ ಅಂತ ತಿಳಿಯಲು ಒಂದು ದೊಡ್ಡ ಫೈಲ್ ಕಾಪಿ ಮಾಡಿದರೆ ಸಾಕು. ಎಸ್‌ಎಸ್‌ಡಿಯಿಂದ ಸೆಕೆಂಡಿಗೆ 400 ಮೆಗಾಬೈಟ್ ಆಸುಪಾಸು ಬಂದರೆ 5 ಗಿಗಾಬಿಟ್ ದಾರಿ ತೆರೆದಿದೆ. ಲಿನಕ್ಸ್ ಇದ್ದರೆ `lsusb -t` ಅಂತ ಕೊಡಿ. ಎಸ್‌ಎಸ್‌ಡಿಯ ಸಾಲು ಹೀಗೆ ಮುಗಿದರೆ ಇನ್ನೂ ಹಳೆಯ ತಂತಿಯಲ್ಲೇ ಓಡುತ್ತಿದೆ:

```
Class=Mass Storage, Driver=uas, 480M
```

ಕೊನೆಯಲ್ಲಿ `5000M` ಅಥವಾ `10000M` ಇರಬೇಕು.

ಕೇಬಲ್ ವಿಷಯ ಈಗ ಬರುತ್ತೆ. ಎಚ್‌ಬಿಆರ್3ಗೆ ಹೋದ ಮೇಲೆ ಪರದೆ ಆಗಾಗ ಒಂದು ಕ್ಷಣ ಕಪ್ಪಾದರೆ, ಅಥವಾ ಕೇಬಲ್ ಅಲುಗಿದಾಗ ಮಾತ್ರ ಮಿನುಗಿದರೆ, ಅನುಮಾನ ಕೇಬಲ್ ಮೇಲೆಯೇ. ವೇಗ ಹೆಚ್ಚಿದಷ್ಟೂ ಉದ್ದದ ಕೇಬಲ್‌ನಲ್ಲಿ ಸಿಗ್ನಲ್ ಸೊರಗುತ್ತೆ. ಒಂದು ಮೀಟರ್ ಒಳಗಿನದು ಬಳಸಿ. ಫೋನ್ ಚಾರ್ಜರ್ ಜೊತೆ ಬರುವ ಉದ್ದನೆಯ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಯುಎಸ್‌ಬಿ 2.0 ತಂತಿ ಮಾತ್ರ ಇರುತ್ತೆ, ಅವುಗಳಲ್ಲಿ ಚಿತ್ರವೇ ಬರಲ್ಲ.

`High Data Speed` ಇಟ್ಟು, ಆವೃತ್ತಿ 1.4 ಮಾಡಿದರೂ 30 ಹರ್ಟ್ಸ್ ಮೇಲೆ ಏರದಿದ್ದರೆ ಎರಡರಲ್ಲಿ ಒಂದು ಸಾಧನ ಎಚ್‌ಬಿಆರ್2ಕ್ಕೇ ನಿಂತಿದೆ. ಲ್ಯಾಪ್‌ಟಾಪ್ ವಿವರದಲ್ಲಿ "ಡಿಸ್‌ಪ್ಲೇಪೋರ್ಟ್ 1.4" ಅಂತ ಬರೆದಿದ್ದರೂ ಎಚ್‌ಬಿಆರ್3 ಇದ್ದೇ ಇರುತ್ತೆ ಅಂತೇನಿಲ್ಲ. ಆಗ `High Resolution`ಗೆ ಮರಳಿ, ಎಸ್‌ಎಸ್‌ಡಿಯನ್ನು ಲ್ಯಾಪ್‌ಟಾಪ್‌ನ ಇನ್ನೊಂದು ಪೋರ್ಟ್‌ಗೆ ನೇರವಾಗಿ ಹಾಕುವುದೇ ಸುಲಭ. ಹೌದು, ಒಂದೇ ಕೇಬಲ್ ಅನ್ನುವ ಸುಖ ಹೋಗುತ್ತೆ. ಆದರೆ ದಿನಕ್ಕೊಮ್ಮೆ ಬ್ಯಾಕಪ್ ಮಾಡುವವರಿಗೆ ಅದಕ್ಕಾಗಿ ಹೊಸ ಮಾನಿಟರ್ ಕೊಳ್ಳುವುದು ಅತಿಯಾಯಿತು.

ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬೋಲ್ಟ್ ಇದ್ದರೆ ಇನ್ನೊಂದು ದಾರಿ ಇದೆ. ಅದು ಲೇನ್‌ಗಳನ್ನು ಹೋಳು ಮಾಡಲ್ಲ. ಚಿತ್ರ, ಡೇಟಾ ಎರಡನ್ನೂ ಪ್ಯಾಕೆಟ್ ಮಾಡಿ 40 ಗಿಗಾಬಿಟ್‌ನ ಒಂದೇ ಹರಿವಿನಲ್ಲಿ ಕಳಿಸುತ್ತೆ. 4ಕೆ 60 ಅದರಲ್ಲಿ ಮೂರನೇ ಒಂದು ಭಾಗವನ್ನೂ ತುಂಬಲ್ಲ. ಆದರೆ ಲ್ಯಾಪ್‌ಟಾಪ್‌ನ ಪೋರ್ಟ್ ಮೇಲೆ ಮಿಂಚಿನ ಗುರುತು ಇದ್ದರೆ ಸಾಲದು. ಆ ತುದಿಯಲ್ಲಿರುವುದೂ ಥಂಡರ್‌ಬೋಲ್ಟ್ ಮಾನಿಟರ್ ಅಥವಾ ಡಾಕ್ ಆಗಿರಬೇಕು. ಸಾಮಾನ್ಯ ಯುಎಸ್‌ಬಿ-ಸಿ ಮಾನಿಟರ್‌ಗೆ ನೇರ ಹಾಕಿದರೆ ಥಂಡರ್‌ಬೋಲ್ಟ್ ಪೋರ್ಟ್ ಕೂಡ ಅದೇ ಹಳೆಯ ಲೇನ್ ಹಂಚಿಕೆಗೆ ಇಳಿಯುತ್ತೆ. ಡಾಕ್ ತಂದರೆ ಮಾನಿಟರನ್ನು ಅದರ ಡಿಸ್‌ಪ್ಲೇಪೋರ್ಟ್‌ಗೆ ಜೋಡಿಸಿ, ಎಸ್‌ಎಸ್‌ಡಿಯನ್ನು ಡಾಕ್‌ಗೇ ಚುಚ್ಚಿ. ಲ್ಯಾಪ್‌ಟಾಪ್‌ಗೆ ಬರುವುದು ಆಗಲೂ ಒಂದೇ ಕೇಬಲ್.