‘ನಮಗೆ ಸ್ವಲ್ಪ ಸ್ಪೇಸ್ ಬೇಕು’ ಅಂತ ಮೆಸೇಜ್ ಬಂದಿದೆ. ಮುಗೀತು ಅಂತಾನಾ?

ಪ್ರಶ್ನೆ: ಎರಡು ವರ್ಷದಿಂದ ಪ್ರೀತಿಸ್ತಾ ಇದ್ದೀವಿ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೀನಿ. ಅವಳು ಮೈಸೂರಲ್ಲಿ ಎಂ.ಎಸ್ಸಿ, ಕೊನೇ ಸೆಮಿಸ್ಟರ್. ಹೋದ ಭಾನುವಾರ ರಾತ್ರಿ ‘ನಮಗೆ ಸ್ವಲ್ಪ ಸ್ಪೇಸ್ ಬೇಕು ಅನ್ಸುತ್ತೆ. ಸ್ವಲ್ಪ ದಿನ ಮಾತಾಡೋದು ಬೇಡ. ನಿನ್ನ ತಪ್ಪೇನೂ ಇಲ್ಲ’ ಅಂತ ಮೆಸೇಜ್ ಹಾಕಿದಳು. ಒಂದು ತಿಂಗಳಿಂದ ಜಗಳ ಕೂಡ ಆಗಿರಲಿಲ್ಲ. ಆನ್‌ಲೈನ್ ಇರ್ತಾಳೆ, ಉತ್ತರ ಕೊಡಲ್ಲ. ಇದರ ಅರ್ಥ ಏನು? ಕಾಯಬೇಕಾ, ಬಿಡಬೇಕಾ?

ಉತ್ತರ:

ಈ ಮೆಸೇಜ್ ಒಂದನ್ನೇ ಎಷ್ಟು ಸಲ ಓದಿದರೂ ಉತ್ತರ ಸಿಗುವುದಿಲ್ಲ. ನಾನು ಆಪ್ತಸಮಾಲೋಚಕಿ. ಹೆಚ್ಚಾಗಿ ನಿಮ್ಮ ವಯಸ್ಸಿನವರೇ ನನ್ನ ಬಳಿ ಬರುತ್ತಾರೆ. ಇಂಥ ಮೆಸೇಜ್ ಬಂದವರ ಮಾತನ್ನೂ ಕೇಳಿದ್ದೇನೆ, ಕಳಿಸಿದವರ ಮಾತನ್ನೂ ಕೇಳಿದ್ದೇನೆ. ಕೆಲವರಿಗೆ ನಿಜವಾಗಿಯೂ ಬಿಡುವು ಬೇಕಿರುತ್ತದೆ. ಕೆಲವರು ಮನಸ್ಸಿನಲ್ಲಿ ಮುಗಿಸಿಯಾಗಿರುತ್ತದೆ, ಬಾಯಿಬಿಟ್ಟು ಹೇಳಲಾಗದೆ ಹೀಗೆ ಬರೆಯುತ್ತಾರೆ. ಇನ್ನು ಕೆಲವರಿಗೆ ಕಳಿಸುವ ಹೊತ್ತಿನಲ್ಲಿ ತಮಗೆ ಏನು ಬೇಕು ಅಂತ ತಮಗೇ ಗೊತ್ತಿರುವುದಿಲ್ಲ. ಮೂವರೂ ಬರೆಯುವುದು ಹೆಚ್ಚು ಕಡಿಮೆ ಇದೇ ಸಾಲು. ಹಾಗಾಗಿ ನೋಡಬೇಕಾದ್ದು ಎರಡು ಕಡೆ: ಮೆಸೇಜ್ ಬರುವುದಕ್ಕೆ ಮೊದಲಿನ ವಾರಗಳು ಹೇಗಿದ್ದವು, ಮತ್ತು ನೀವು ಒಂದು ಸ್ಪಷ್ಟವಾದ ಉತ್ತರ ಕೊಟ್ಟ ಮೇಲೆ ಅವರು ಏನು ಮಾಡುತ್ತಾರೆ.

ಮೊದಲು ಹಿಂದಿನ ವಾರಗಳ ವಿಷಯ. ಜಗಳವೇ ಇರಲಿಲ್ಲ ಅನ್ನುವುದನ್ನು ನೀವು ಒಳ್ಳೆಯ ಲಕ್ಷಣ ಅಂತ ಹಿಡಿದಿದ್ದೀರಿ. ಅದು ಹಾಗೇ ಇರಬೇಕೆಂದಿಲ್ಲ. ಮೊದಲು ಆಗಾಗ ಜಗಳ ಆಡುತ್ತಿದ್ದವರು ಏಕಾಏಕಿ ಎಲ್ಲದಕ್ಕೂ ‘ಸರಿ’, ‘ಆಯ್ತು’ ಅನ್ನತೊಡಗಿದರೆ ನನಗೆ ಚಿಂತೆ ಆಗುತ್ತದೆ. ಸಂಬಂಧ ಸರಿಹೋಗಲಿ ಅಂತ ಆಸೆ ಇರುವವರು ದೂರುತ್ತಾರೆ, ಮುನಿಸಿಕೊಳ್ಳುತ್ತಾರೆ. ಆಸೆ ಬಿಟ್ಟವರು ಸುಮ್ಮನಾಗುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಡಯೇನ್ ವಾನ್, ಬೇರೆಯಾದ ಜೋಡಿಗಳನ್ನು ಮಾತಾಡಿಸಿ 1980ರ ದಶಕದಲ್ಲಿ ಇದನ್ನು ವಿವರವಾಗಿ ಬರೆದರು. ಬಿಡಬೇಕು ಅನ್ನಿಸಿದವರು ಆ ಯೋಚನೆಯನ್ನು ಮೊದಲು ಗುಟ್ಟಾಗಿ ಇಟ್ಟುಕೊಳ್ಳುತ್ತಾರೆ. ಇನ್ನೊಬ್ಬರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅವರು ತಮ್ಮ ಅಳು, ದುಃಖ ಸಾಕಷ್ಟು ಮುಗಿಸಿ ಬಹಳ ದೂರ ಹೋಗಿರುತ್ತಾರೆ. ನಿಮಗೆ ಭಾನುವಾರ ರಾತ್ರಿ ಶುರುವಾದದ್ದು ಅವರಿಗೆ ಎಂದೋ ಶುರುವಾಗಿದ್ದಿರಬಹುದು.

ಆದರೆ ಜಗಳ ನಿಂತದ್ದಕ್ಕೆ ಬೇರೆ ಕಾರಣವೂ ಇರಬಹುದು. ಕೊನೇ ಸೆಮಿಸ್ಟರ್, ಪ್ರಾಜೆಕ್ಟ್, ಮುಂದೇನು ಅನ್ನುವ ಭಯ, ಇವೆಲ್ಲ ಸೇರಿದಾಗ ಮಾತಿಗೇ ತ್ರಾಣ ಇರುವುದಿಲ್ಲ. ಇವೆರಡನ್ನು ಬೇರೆ ಮಾಡಿ ನೋಡಲು ಒಂದು ದಾರಿ ಇದೆ. ಹಳೆಯ ಚಾಟ್ ತೆಗೆದು, ಕಳೆದ ಎರಡು ತಿಂಗಳದ್ದನ್ನು ಒಂದೇ ಸಲ ನಿಧಾನವಾಗಿ ಓದಿ. ಅವರಾಗಿಯೇ ಮೊದಲು ಮೆಸೇಜ್ ಮಾಡುವುದು ಯಾವಾಗ ಕಮ್ಮಿ ಆಯಿತು? ಮುಂದಿನ ದಿನಗಳ ಮಾತು, ‘ರಜಾದಲ್ಲಿ ಬರ್ತೀಯಾ’, ‘ಕೆಲಸ ಸಿಕ್ಕಿದ್ರೆ ಬೆಂಗಳೂರಿಗೇ ಬರ್ತೀನಿ’ ಅನ್ನುವಂಥದ್ದು, ಯಾವಾಗ ನಿಂತಿತು? ಸುಸ್ತಾದವರು ಕಮ್ಮಿ ಮಾತಾಡಿದರೂ ತಮ್ಮ ದಿನ ಹೇಗಿತ್ತು ಅಂತ ಹೇಳುತ್ತಾರೆ. ‘ಇವತ್ತು ಗೈಡ್ ಬೈದ್ರು, ತಲೆ ಕೆಟ್ಟಿದೆ’ ಅಂತಾದರೂ ಇರುತ್ತದೆ. ಬಿಡುವ ಮನಸ್ಸಾದವರ ಚಾಟ್‌ನಲ್ಲಿ ಅದೇ ಇರುವುದಿಲ್ಲ. ಊಟ ಆಯ್ತಾ, ಆಯ್ತು, ಗುಡ್ ನೈಟ್. ಅಷ್ಟೇ.

ನೇರವಾಗಿ ಹೇಳದೆ ಯಾಕೆ ಹೀಗೆ ಮಾಡುತ್ತಾರೆ ಅಂತ ಕೋಪ ಬರುವುದು ಸಹಜ. ಸಂವಹನ ಕ್ಷೇತ್ರದ ಸಂಶೋಧಕಿ ಲೆಸ್ಲಿ ಬ್ಯಾಕ್ಸ್‌ಟರ್, ಜನ ಸಂಬಂಧವನ್ನು ಹೇಗೆಲ್ಲ ಕೊನೆ ಮಾಡುತ್ತಾರೆ ಅಂತ 1980ರ ದಶಕದಲ್ಲಿ ವಿಂಗಡಿಸಿದ್ದರು. ಅದರಲ್ಲಿ ನಿಮ್ಮ ಮೆಸೇಜಿಗೆ ಹತ್ತಿರವಾದ ಒಂದು ಬಗೆ ಇದೆ. ‘ಸ್ವಲ್ಪ ದೂರ ಇರೋಣ’, ‘ಸ್ವಲ್ಪ ದಿನ ಫ್ರೆಂಡ್ಸ್ ಆಗಿರೋಣ’ ಅಂತ ಹೇಳುವುದು, ಆದರೆ ಒಳಗೆ ಪೂರ್ತಿ ಮುಗಿಸುವ ನಿರ್ಧಾರ ಮಾಡಿರುವುದು. ಇದರಲ್ಲಿ ಮೋಸ ಮಾಡುವ ಉದ್ದೇಶ ಇರುತ್ತದೆ ಅಂತ ನನಗೆ ಅನ್ನಿಸಿಲ್ಲ. ಇನ್ನೊಬ್ಬರ ಅಳು ಕೇಳುವ ಧೈರ್ಯ ಇರುವುದಿಲ್ಲ. ತಾವು ಕೆಟ್ಟವರಾಗುತ್ತೇವೆ ಅನ್ನುವ ಭಯ ಇರುತ್ತದೆ. ‘ನಿನ್ನ ತಪ್ಪೇನೂ ಇಲ್ಲ’ ಅನ್ನುವ ಮಾತು ಕೂಡ ಎಷ್ಟೋ ಸಲ ಬರುವುದು ಇದೇ ಜಾಗದಿಂದ. ಕೇಳಿಸಿಕೊಂಡವರು ಮಾತ್ರ ತಿಂಗಳುಗಟ್ಟಲೆ ಬಾಗಿಲಲ್ಲೇ ಕಾಯುತ್ತಾರೆ. ನೇರವಾದ ‘ಬೇಡ’ಕ್ಕಿಂತ ಇದು ಜಾಸ್ತಿ ನೋಯಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಕಡೆ ಇನ್ನೊಂದು ಕಾರಣ ತುಂಬಾ ಸಾಮಾನ್ಯ. ಮನೆಯಲ್ಲಿ ಗಂಡು ನೋಡಲು ಶುರು ಮಾಡಿರುತ್ತಾರೆ. ಓದು ಮುಗಿಯುತ್ತಿದೆ, ಜಾತಕ ಹೊರಗೆ ಬಂದಿದೆ, ಫೋನ್ ಅಮ್ಮನ ಕೈಗೋ ಅಣ್ಣನ ಕೈಗೋ ಹೋಗುತ್ತಿದೆ. ಜಾತಿ ಬೇರೆಯಾದರಂತೂ ಒತ್ತಡ ಇನ್ನೂ ಹೆಚ್ಚು. ಇಂಥ ಹೊತ್ತಿನಲ್ಲಿ ‘ಸ್ಪೇಸ್’ ಅಂದರೆ ನಿಮ್ಮಿಂದ ದೂರ ಅಂತಲೇ ಆಗಬೇಕಿಲ್ಲ. ಮನೆಯವರನ್ನು ಎದುರಿಸಬೇಕೋ ನಿಮ್ಮನ್ನು ಬಿಡಬೇಕೋ ಅಂತ ತೀರ್ಮಾನಿಸಲು ಕೇಳುವ ಸಮಯವೂ ಆಗಿರಬಹುದು. ಇತ್ತೀಚೆಗೆ ಊರಿಗೆ ಹೋಗಿ ಬಂದ ಮೇಲೆ ಮಾತಿನ ರೀತಿ ಬದಲಾಗಿದ್ದರೆ, ಫೋನ್ ಮಾಡುವ ಹೊತ್ತು ಬದಲಾಗಿದ್ದರೆ ಈ ಕಡೆ ಯೋಚಿಸಿ. ಆಗ ನೀವು ಹೊತ್ತಲ್ಲದ ಹೊತ್ತಿನಲ್ಲಿ ಕರೆ ಮಾಡುತ್ತಾ ಹೋದರೆ ಅವರಿಗೆ ಮನೆಯಲ್ಲಿ ನಿಜವಾದ ತೊಂದರೆ ಆಗುತ್ತದೆ.

ಕೊನೆಯದಾಗಿ, ಹೇಳಲು ಕಷ್ಟವಾದ ಒಂದು ಅರ್ಥ. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಹುಡುಗ ಒಂದು ಊರಲ್ಲಿ, ಹುಡುಗಿ ಇನ್ನೊಂದು ಊರಿನ ಹಾಸ್ಟೆಲ್‌ನಲ್ಲಿ. ದಿನಕ್ಕೆ ನಾಲ್ಕು ಸಲ ಅವನ ಫೋನ್. ಎತ್ತದಿದ್ದರೆ ರೂಮ್‌ಮೇಟ್‌ಗೆ ಫೋನ್. ಅವನ ಲೆಕ್ಕದಲ್ಲಿ ಅದು ಕಾಳಜಿ. ಅವಳು ಉತ್ತರ ಕಮ್ಮಿ ಮಾಡಿದಳು. ಅವನಿಗೆ ಭಯವಾಗಿ ಇನ್ನೂ ಜಾಸ್ತಿ ಕರೆ ಮಾಡಿದ. ಅವಳು ಇನ್ನೂ ಹಿಂದೆ ಸರಿದಳು. ಒಬ್ಬರು ಬೆನ್ನು ಹತ್ತುವುದು, ಇನ್ನೊಬ್ಬರು ತಪ್ಪಿಸಿಕೊಳ್ಳುವುದು, ಒಂದು ಇನ್ನೊಂದನ್ನು ಹೆಚ್ಚಿಸುತ್ತಾ ಹೋಗುವುದು. ಜೋಡಿಗಳಲ್ಲಿ ನಾವು ತುಂಬಾ ನೋಡುವ ಸುಳಿ ಇದು. ಅವಳು ಸ್ಪೇಸ್ ಕೇಳಿದ್ದು ಅವನನ್ನು ಬಿಡಲಿಕ್ಕಲ್ಲ, ಆ ತಪಾಸಣೆ ನಿಲ್ಲಲಿ ಅಂತ. ಅವನು ಎರಡು ವಾರ ನಿಜವಾಗಿಯೂ ಸುಮ್ಮನಿದ್ದ. ಆಮೇಲೆ ಅವಳೇ ಫೋನ್ ಮಾಡಿ, ದಿನಕ್ಕೆ ಒಂದೇ ಕರೆ ಸಾಕು, ರೂಮ್‌ಮೇಟ್‌ಗೆ ಎಂದೂ ಮಾಡಬಾರದು ಅಂತ ಹೇಳಿದಳು. ಆ ಮಾತನ್ನು ಅವಳು ಮೊದಲೇ ಹಲವು ಸಲ ನಗುತ್ತಾ ಹೇಳಿದ್ದಳಂತೆ. ನಿಮಗೂ ಹಾಗೆ ನಗುತ್ತಾ ಹೇಳಿದ ಮಾತು ಯಾವುದಾದರೂ ಇದೆಯಾ, ನೆನಪು ಮಾಡಿಕೊಳ್ಳಿ.

ಆನ್‌ಲೈನ್ ಇರುವುದರಿಂದ ಏನೂ ಗೊತ್ತಾಗುವುದಿಲ್ಲ. ಅವರು ಪ್ರಾಜೆಕ್ಟ್ ಗ್ರೂಪಿನಲ್ಲಿ ಮಾತಾಡುತ್ತಿರಬಹುದು. ಲಾಸ್ಟ್ ಸೀನ್ ಮರೆಮಾಡಲು, ನೀಲಿ ಟಿಕ್ ಕಾಣದಂತೆ ಮಾಡಲು ವಾಟ್ಸಾಪಿನಲ್ಲೇ ಸೆಟ್ಟಿಂಗ್ ಇದೆ. ಒಂದೇ ಟಿಕ್ ಬಂದರೂ ನೆಟ್‌ವರ್ಕ್ ಇಲ್ಲವೋ ಬ್ಲಾಕ್ ಆಗಿದೆಯೋ ಅಂತ ಖಚಿತವಾಗಿ ಹೇಳಲಾಗದು. ಬ್ಲಾಕ್ ಮಾಡಿದವರ ಗೌಪ್ಯತೆಗಾಗಿ ವಾಟ್ಸಾಪಿನವರೇ ಅದನ್ನು ಬೇಕಂತಲೇ ಅಸ್ಪಷ್ಟವಾಗಿ ಇಟ್ಟಿದ್ದಾರೆ. ಅಲ್ಲಿ ಅರ್ಥ ಹುಡುಕುತ್ತಾ ಕೂತರೆ ನಿಮ್ಮ ನಿದ್ದೆ ಹೋಗುತ್ತದೆ, ಅಷ್ಟೆ.

ಈಗ ನಿಮ್ಮ ಕೈಯಲ್ಲಿರುವುದು ಒಂದು ಉತ್ತರ. ಒಂದೇ ಒಂದು. ಅದರಲ್ಲಿ ವಾದ ಇರಬಾರದು, ‘ನಾನೇನು ತಪ್ಪು ಮಾಡಿದೆ’ ಇರಬಾರದು. ಒಂದು ದಿನಾಂಕ ಇರಬೇಕು, ಬಿಟ್ಟುಹೋಗುವ ದಾರಿಯನ್ನೂ ತೆರೆದಿಡಬೇಕು. ಸುಮಾರು ಹೀಗೆ ಬರೆಯಿರಿ: ‘ನಿನ್ನ ಮೆಸೇಜ್ ಓದಿದೆ. ಸರಿ. ಇನ್ನೆರಡು ವಾರ ನಾನಾಗಿ ಫೋನ್, ಮೆಸೇಜ್ ಮಾಡಲ್ಲ. ಆಮೇಲೆ ಬರೋ ಭಾನುವಾರ ಸಂಜೆ ಅರ್ಧ ಗಂಟೆ ಮಾತಾಡೋಣವಾ? ನಿನಗೆ ಬೇರೆ ದಿನ ಸರಿ ಅನ್ಸಿದ್ರೆ ಹೇಳು. ಇದು ಮುಂದುವರಿಯೋದು ಬೇಡ ಅನ್ಸಿದ್ರೂ ನೇರವಾಗಿ ಹೇಳು, ನಾನು ಜಗಳ ಮಾಡಲ್ಲ.’ ಜಗಳದ ಬಿಸಿಯಲ್ಲಿ ಕೇಳುವ ಬಿಡುವಾಗಿದ್ದರೆ ಇಷ್ಟು ದಿನ ಬೇಕಿರಲಿಲ್ಲ. ದಂಪತಿಗಳ ಜಗಳವನ್ನೇ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್, ಎದೆಬಡಿತ ನಿಮಿಷಕ್ಕೆ 100 ದಾಟಿದಾಗ ಕನಿಷ್ಠ 20 ನಿಮಿಷ ಮಾತು ನಿಲ್ಲಿಸಿ, ಮತ್ತೆ ಬಂದು ಕೂರಿ ಅನ್ನುತ್ತಾರೆ. ಅಂಥ ಬಿಡುವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ಮುಗಿಯುತ್ತದೆ. ನಿಮ್ಮದು ಆ ಬಗೆ ಅಲ್ಲ. ಅದಕ್ಕೇ ದಿನಾಂಕ ಬೇಕು.

ಆ ಉತ್ತರಕ್ಕೆ ಅವರು ಮಾಡುವುದರಲ್ಲಿ ನಿಮ್ಮ ಪ್ರಶ್ನೆಗೆ ಅರ್ಥ ಸಿಗುತ್ತದೆ. ‘ಭಾನುವಾರ ಆಗಲ್ಲ, ವೈವಾ ಮುಗಿದ ಮೇಲೆ’ ಅಂತ ತಾವೇ ಇನ್ನೊಂದು ದಿನ ಹೇಳಿದರೆ ಅದು ಬಿಡುವು. ವಾಪಸ್ ಬರುವ ಯೋಚನೆ ಇರುವವರು ವಾಪಸ್ ಬರುವ ದಿನದ ಬಗ್ಗೆ ಮಾತಾಡಬಲ್ಲರು. ‘ಗೊತ್ತಿಲ್ಲ, ನೋಡೋಣ’ ಅಂತ ಮಾತ್ರ ಬಂದರೆ ತಕ್ಕಡಿ ಮುಗಿಯುವ ಕಡೆ ವಾಲಿದೆ, ಆದರೂ ಆ ಎರಡು ವಾರ ಕೊಡಿ. ಏನೂ ಬರದಿದ್ದರೆ, ಹೇಳಿದ ದಿನ ಒಂದೇ ಒಂದು ಮೆಸೇಜ್ ಮಾಡಿ. ಅದಕ್ಕೂ ಕೆಲವು ದಿನ ಉತ್ತರ ಬರದಿದ್ದರೆ, ಅದನ್ನೇ ಉತ್ತರ ಅಂತ ತೆಗೆದುಕೊಳ್ಳಿ. ಅಲ್ಲಿಂದಾಚೆ ಗೆಳತಿಯರನ್ನು ಕೇಳುವುದು, ಕಾಲೇಜಿನ ಹತ್ತಿರ ಹೋಗಿ ನಿಲ್ಲುವುದು, ಬೇರೆ ನಂಬರಿನಿಂದ ಕರೆ ಮಾಡುವುದು ಬೇಡ. ಬೇಡ ಅಂದ ಮೇಲೂ ಹೆಣ್ಣುಮಗಳ ಬೆನ್ನು ಬೀಳುವುದು ಕಾನೂನಿನಲ್ಲಿ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅವರಿಗೆ ನಿಮ್ಮನ್ನು ಕಂಡರೆ ಭಯ ಶುರುವಾಗುತ್ತದೆ.

ಮಧ್ಯದಲ್ಲಿ ಒಂದು ರಾತ್ರಿ ‘ಮಿಸ್ ಯೂ’ ಅಂತ ಬರಬಹುದು. ಬಿಡಲು ನಿರ್ಧರಿಸಿದವರಿಗೂ ನೆನಪು ಬರುತ್ತದೆ, ಅದು ಸುಳ್ಳಲ್ಲ. ಆದರೆ ಆ ಒಂದು ಮಾತಿಗೆ ನಿರ್ಧಾರ ಬದಲಾಯಿತು ಅಂತ ಅಂದುಕೊಳ್ಳಬೇಡಿ. ‘ನನಗೂ ನೆನಪಾಗ್ತೀಯ. ಭಾನುವಾರ ಮಾತಾಡೋಣ’ ಅಂತ ಬರೆದು ಅಲ್ಲಿಗೇ ಬಿಡಿ. ಈ ದಿನಗಳಲ್ಲಿ ಊಟ, ನಿದ್ದೆ ಪೂರ್ತಿ ಕೆಟ್ಟರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಅವರು ಆ ದಿನ ಮಾತಿಗೆ ಸಿಕ್ಕರೆ ಕೇಳಬೇಕಾದ್ದು ಎರಡೇ. ಈ ಬಿಡುವಿನಲ್ಲಿ ನಿನಗೆ ಯಾವುದು ಹಗುರ ಅನ್ನಿಸಿತು? ನಾವು ಮುಂದುವರಿದರೆ ಯಾವುದು ಮೊದಲಿನ ಹಾಗೆ ಇರಬಾರದು? ಮೊದಲನೆಯದಕ್ಕೆ ‘ನಿನ್ನ ಜೊತೆ ಮಾತಾಡದೇ ಇದ್ದದ್ದು’ ಅಂತ ಉತ್ತರ ಬಂದರೆ ಎರಡನೆಯದನ್ನು ಕೇಳಬೇಡಿ.